ಹನ್ನೊಂದನೇ ಪುಟದ ನಮಸ್ಕಾರ

ಸುಮ್ಮನಿರುವುದು ಹೇಗೆ ಎಂಬುದನ್ನು ರಾಮಗಿರಿಯ ಪರಮೇಶ್ವರಪ್ಪ ಮೇಷ್ಟ್ರು ಮೂವತ್ತೆರಡು ಪುಟಗಳಲ್ಲಿ ಬರೆದರು. ಸಾಲದು ಅನ್ನಿಸಿ ಒಂದು ಮುನ್ನುಡಿ ಬರೆದರು. ಮುನ್ನುಡಿಯಲ್ಲಿ ಹೇಳಲು ಮರೆತದ್ದಕ್ಕೆ ಒಂದು ಅರಿಕೆ, ಅರಿಕೆಯ ಕೊನೆಗೆ ಒಂದು ಸೂಚನೆ. ಅದು ೧೯೭೬, ತುರ್ತು ಪರಿಸ್ಥಿತಿಯ ಕಾಲ. ಆ ವರ್ಷ ದೊಡ್ಡ ದೊಡ್ಡವರೆಲ್ಲ ಯಾವ ಕೈಪಿಡಿಯ ಸಹಾಯವೂ ಇಲ್ಲದೆ ಬಾಯಿ ಮುಚ್ಚಿಕೊಂಡಿದ್ದರು. ಮೇಷ್ಟ್ರಿಗೆ ಮಾತ್ರ ಕೈಪಿಡಿ ಬೇಕಾಯಿತು.

ಬೇಕಾದದ್ದಕ್ಕೆ ಕಾರಣವಿತ್ತು. ಮೇಷ್ಟ್ರು ಹೊಳಲ್ಕೆರೆಯ ಹೈಸ್ಕೂಲಿನಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ನಿವೃತ್ತಿಯಾದದ್ದು ನೌಕರಿಗೆ, ನಾಲಿಗೆಗಲ್ಲ. ಮುಂಚೆ ನಲವತ್ತು ಹುಡುಗರು ಹಂಚಿಕೊಳ್ಳುತ್ತಿದ್ದ ಪಾಠ ಈಗ ಹೆಂಡತಿ ಹೊನ್ನಕ್ಕ ಒಬ್ಬಳ ಪಾಲಿಗೆ ಬಂತು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ ಉಪ್ಪು ಸಮುದ್ರದಿಂದ ಹೊರಟು ರಾಮಗಿರಿ ತಲುಪುವಷ್ಟರಲ್ಲಿ ಸಾರು ಆರುತ್ತಿತ್ತು. ಯುಗಾದಿ ಕಳೆದ ಮೂರನೇ ದಿನ ಹೊನ್ನಕ್ಕ ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಅದನ್ನು ತಾವೇ ಪೂರ್ತಿ ಮಾಡಿ, ಅದಕ್ಕೆ ಉತ್ತರವನ್ನೂ ಹೇಳಿ, ಆ ಉತ್ತರದಲ್ಲಿದ್ದ ತಪ್ಪನ್ನೂ ತಿದ್ದಿದರು. ಅವಳು ಸೀರೆಗಂಟು ಕಟ್ಟಿಕೊಂಡು ಹೊಸದುರ್ಗ ರೋಡ್ ಸ್ಟೇಷನ್ನಿನ ಪಕ್ಕದಲ್ಲಿದ್ದ ಮಗಳ ಮನೆಗೆ ಹೊರಟುಬಿಟ್ಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ:

"ಒಂದಿನ. ಒಂದೇ ಒಂದಿನ ಬಾಯಿ ಮುಚ್ಕಂಡಿರ್ರಿ. ತಿಪ್ಪಮ್ಮ ಸಾಕ್ಷಿ ಹೇಳ್ಲಿ, ಬರ್ತೀನಿ."

ತಿಪ್ಪಮ್ಮ ಪಕ್ಕದ ಮನೆಯವಳು, ಹೊನ್ನಕ್ಕನ ಜೀವದ ಗೆಳತಿ. ಸುಳ್ಳು ಹೇಳಿದವಳೆಂದು ಅವಳ ಮೇಲೆ ಯಾರೂ ಆರೋಪ ಹೊರಿಸಿರಲಿಲ್ಲ. ಮೌನ ಬಂಗಾರ ಅನ್ನುತ್ತಾರೆ. ಮೇಷ್ಟ್ರಿಗೆ ಹೊನ್ನು ವಾಪಸ್ಸು ಬರಬೇಕಾದರೆ ಮೌನದ ಮೂಲಕವೇ ಬರಬೇಕಿತ್ತು.

ಒಬ್ಬರೇ ಕೂತು ನೋಡಿದರು. ಗಂಟೆಯೊಳಗೆ ಗೋಡೆಯ ಕ್ಯಾಲೆಂಡರಿಗೆ ತಿಥಿ ವಿವರಿಸುತ್ತಿದ್ದರು. ಹಿಂದೊಮ್ಮೆ ಬೆಂಗಳೂರಿನ ಯಾವುದೋ ಆಶ್ರಮದಲ್ಲಿ ಒಂದು ದಿನದ ಮೌನ ಶಿಬಿರ ಕಂಡಿದ್ದು ಆಗ ನೆನಪಾಯಿತು. ಗುಂಪಿನಲ್ಲಿ ಕೂತರೆ ನಾಚಿಕೆಗಾದರೂ ನಾಲಿಗೆ ನಿಲ್ಲುತ್ತದೆ. ಶಿಬಿರ ಅಂದ ಮೇಲೆ ಹೊಸಬರಿಗೆ ದಾರಿ ತೋರಿಸುವ ಪುಸ್ತಕ ಬೇಡವೇ? ಬರೆದರು. ಚಿತ್ರದುರ್ಗದಲ್ಲಿ ಅಚ್ಚು ಹಾಕಿಸಿದರು.

ಹೇಳಲೇಬೇಕು, ಪುಸ್ತಕ ಚೆನ್ನಾಗಿತ್ತು. ಹೊಸಬರು ಇಡೀ ದಿನವನ್ನು ಒಂದೇ ಸಲ ನೋಡಿ ಹೆದರಬಾರದೆಂದು ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿದ್ದರು: ಕೂತು ಉಸಿರು ಗಮನಿಸುವುದು, ಎದ್ದು ನಿಧಾನ ನಡೆಯುವುದು, ಮತ್ತೆ ಕೂರುವುದು. ಕೂತವರ ನಡುವೆ ಎರಡು ಮಾರು ಜಾಗ, ಯಾರೂ ಯಾರಿಗೂ ಎದುರಾಗಿ ಕೂರಬಾರದು. ನಡೆಯುವಾಗ ಹತ್ತು ಹೆಜ್ಜೆ ಅಂತರ, ಕಣ್ಣು ನೆಲದ ಮೇಲೆ. ಮಂಡಿ ನೋಯುವವರು ಗೋಡೆಗೆ ಒರಗಬಹುದು. ಮನಸ್ಸು ಓಡಿದರೆ ಬೈದುಕೊಳ್ಳದೆ ಉಸಿರಿಗೆ ಮರಳಬೇಕು. ತಡೆಯಲಾರದಷ್ಟು ಸಂಕಟವಾದರೆ ಕೈ ಎತ್ತಿ ಹೊರಗೆ ಹೋಗಬಹುದು. ಹನ್ನೊಂದನೇ ಪುಟದಲ್ಲಿ, ಯಾರಾದರೂ ಹೊರಗಿನವರು ಬಂದು ಮಾತಾಡಿಸಿದರೆ ಸನ್ನೆ ಮಾಡುತ್ತಾ ಕೂರದೆ ಕೈ ಮುಗಿದು ತಲೆ ತಗ್ಗಿಸಿ, ಅಷ್ಟೇ ಸಾಕು ಎಂದಿತ್ತು.

ಆಲೋಚನೆಗಳೆಂದು ಮೂರು ತುಣುಕುಗಳಿದ್ದವು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಅದನ್ನು ಮನಸ್ಸಿನಲ್ಲೇ ಹಿಂಬಾಲಿಸಬೇಕು. ಪ್ರತಿ ಸಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ. ಓದುವವನು ಅಲ್ಲಿ ಹತ್ತು ಉಸಿರು ನಿಲ್ಲಬೇಕು. ಅಚ್ಚಿನವನು ಇದಕ್ಕೆ ಮಾತ್ರ ತಕರಾರು ಮಾಡಿದ್ದ. ಇಷ್ಟು ಜಾಗ ಸುಮ್ಮನೆ ಬಿಟ್ಟರೆ ಜನ ನನ್ನ ಪ್ರೆಸ್ಸನ್ನು ಬೈತಾರೆ, ಹೂವಿನ ಚಿತ್ರದ ಬ್ಲಾಕಾದರೂ ಹಾಕ್ತೀನಿ ಅಂದಿದ್ದ. ಖಾಲಿ ಜಾಗದ ಮಹತ್ವವನ್ನು ಮೇಷ್ಟ್ರು ಅವನಿಗೆ ಎರಡು ಗಂಟೆ ಉಸಿರು ಬಿಡದೆ ವಿವರಿಸಿದರು.

ಓದುವ ಕೆಲಸ ಚಿತ್ತಯ್ಯನಿಗೆ ಬಂತು. ಚಿತ್ತಯ್ಯ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಮೂವತ್ತೈದು ವರ್ಷ ಹಸಿರು ಬಾವುಟ ಹಸಿರು, ಕೆಂಪು ಬಾವುಟ ಕೆಂಪು. ನಡುವೆ ಬೇರೆ ಬಣ್ಣವೇ ಇಲ್ಲ. ಓದುವವನು ಬರೆದದ್ದನ್ನಷ್ಟೇ ಓದಬೇಕು, ಸ್ವಂತದ್ದು ಒಂದಕ್ಷರ ಸೇರಿಸಬಾರದು ಎಂಬ ಮೂರನೇ ಪುಟದ ನಿಯಮವನ್ನು ಮೇಷ್ಟ್ರು ಅವನಿಗೆ ಹೇಳಿದಾಗ, ರೂಲ್ ಅಂದ್ರೆ ರೂಲ್ ಬಿಡ್ರಿ ಎಂದು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡ.

ಶಿಬಿರಕ್ಕೆ ಹನ್ನೆರಡು ಜನ ಬಂದರು. ಭಕ್ತಿಯಿಂದಲ್ಲ. ಹೊನ್ನಕ್ಕ ಹೋದಾಗಿನಿಂದ ಅವಳ ಪಾಲಿನ ಮಾತೆಲ್ಲ ಊರಿಗೆ ಹಂಚಿಕೆಯಾಗುತ್ತಿತ್ತು. ಕುರಿ ಕಾಯುವ ಪಾಪಣ್ಣನನ್ನು ಮೇಷ್ಟ್ರು ಗುಡ್ಡದ ಮೇಲಕ್ಕೂ ಹಿಂಬಾಲಿಸಿ ಹೋಗಿ ಸಂಧಿಗಳನ್ನು ವಿವರಿಸಿದ್ದರು. ಹಾಗಾಗಿ ಹನ್ನೆರಡು ಜನರೂ ಒಂದು ಒಳ ಒಪ್ಪಂದ ಮಾಡಿಕೊಂಡಿದ್ದರು. ಆಕಾಶ ಕಳಚಿ ಬಿದ್ದರೂ ತಾವು ತುಟಿ ಬಿಚ್ಚಬಾರದು. ಒಬ್ಬರು ಒಂದು ಮಾತಾಡಿದರೆ ಅದೇ ನೆಪವಾಗಿ ಮೇಷ್ಟ್ರು ಶುರು ಮಾಡುತ್ತಾರೆ, ಹೊನ್ನಕ್ಕ ಬರುವುದಿಲ್ಲ, ಊರು ಕೆಡುತ್ತದೆ.

ಭಾನುವಾರ ಎಂಟಕ್ಕೆ ಮೇಷ್ಟ್ರ ಮನೆಯಂಗಳದಲ್ಲಿ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಪುಸ್ತಕದಲ್ಲಿ ಹತ್ತು ನಿಮಿಷ ಎಂದಿದ್ದ ಆರಂಭದ ತಿಳಿವಳಿಕೆ ಒಂದು ಗಂಟೆ ನಡೆಯಿತು. ಒಂಬತ್ತಕ್ಕೆ ಚಿತ್ತಯ್ಯ ಮರಕ್ಕೆ ಕಟ್ಟಿದ್ದ ರೈಲು ಕಂಬಿಯ ತುಂಡಿಗೆ ಸುತ್ತಿಗೆಯಿಂದ ಒಂದು ಬಾರಿಸಿದ. ಮೇಷ್ಟ್ರು ಒಂದು ಪದದ ಅರ್ಧದಲ್ಲಿ ನಿಂತರು. ಇನ್ನರ್ಧ ಗಂಟಲಲ್ಲೇ ಉಳಿಯಿತು. ಸಂಜೆ ಐದರವರೆಗೆ ಮೌನ.

ಗೇಟಿನ ಮೇಲೆ 'ಇಲ್ಲಿ ಮೌನ ಶಿಬಿರ ನಡೆಯುತ್ತಿದೆ, ದಯವಿಟ್ಟು ಮಾತಾಡಿಸಬೇಡಿ' ಎಂದು ಕಾಗದ ಅಂಟಿಸಿದ್ದರು. ಅಂಟಿಸಿದ್ದು ಮೈದಾ ಹಿಟ್ಟಿನ ಗೋಂದಿನಲ್ಲಿ. ಪಾಪಣ್ಣ ತನ್ನ ಮೇಕೆಯನ್ನು ಕಟ್ಟಿದ್ದೂ ಆ ಗೇಟಿಗೇ. ಒಂಬತ್ತೂ ಹತ್ತಕ್ಕೆ ಮೇಕೆ 'ದಯವಿಟ್ಟು'ವಿನಿಂದ ಶುರು ಮಾಡಿ ಪೂರ್ತಿ ಸೂಚನೆಯನ್ನು ಓದಿ ಮುಗಿಸಿತು. ಪಾಪಣ್ಣ ಕಂಡ. ಹೇಳುವ ಹಾಗಿರಲಿಲ್ಲ.

ಚಿತ್ತಯ್ಯ ಓದಲು ನಿಂತ. ಅವನಿಗಿದ್ದದ್ದು ಒಂದೇ ದನಿ, ಪ್ಲಾಟ್‌ಫಾರಂ ಉದ್ದಕ್ಕೂ ಊರಿನ ಹೆಸರು ಕೂಗುವ ದನಿ.

"ಉಸ್ರು ಒಳಗ್ ಬತ್ತಾ ಇದೇಏಏ! ಉಸ್ರು ಹೊರಗ್ ಹೋಗ್ತಾ ಇದೇಏಏ!"

ಇಬ್ಬರು ಮುದುಕಿಯರು ಗಂಟು ಎತ್ತಿಕೊಂಡು ಏಳಲು ಹೋಗಿ ಮತ್ತೆ ಕೂತರು.

ಮೇಷ್ಟ್ರು ಜಗಲಿಯ ಗೋಡೆಗೆ ಒರಗಿ ಪದ್ಮಾಸನ ಹಾಕಿ ಕಣ್ಣು ಮುಚ್ಚಿದ್ದರು. ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದರು. ಹಣೆಯ ತುಂಬ ವಿಭೂತಿ. ಅಲುಗಾಟವಿಲ್ಲ. ಅವರ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವ ಪದ್ಧತಿಯಿಲ್ಲ. ಹೀಗೇ ಗೋಡೆಗೆ ಒರಗಿಸಿ, ಹೀಗೇ ಕಾಲು ಮಡಿಸಿ, ಹೀಗೇ ವಿಭೂತಿ ಬಳಿದು ಕೂರಿಸುವುದು. ಎದುರಿಗೆ ಊರಿನ ಜನ ಹೀಗೇ ಅಲ್ಲಲ್ಲಿ ತಲೆ ತಗ್ಗಿಸಿ ಕೂರುವುದು. ಇದನ್ನೆಲ್ಲ ಬರೆಯುವಾಗ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಸೊಪ್ಪಿನ ಗಂಗಕ್ಕನಿಗೆ ನೋಡಿದ ಕೂಡಲೇ ಹೊಳೆಯಿತು.

ಗಂಗಕ್ಕ ಸೊಪ್ಪಿನ ಪುಟ್ಟಿ ಹೊತ್ತು ಪ್ಯಾಸೆಂಜರ್ ಗಾಡಿ ಹಿಡಿಯಲು ಹೊರಟಿದ್ದಳು. ಗೇಟಿನ ಹತ್ತಿರ ನಿಂತಳು. ಕೂತದ್ದು, ವಿಭೂತಿ, ಜನ, ಇದೆಲ್ಲಕ್ಕೆ ಬೇರೆ ಕಾರಣವಿರಬಹುದಿತ್ತು. ಆದರೆ ಎದುರಿಗೆ ಹನ್ನೆರಡು ಜನ ಕೂತಿದ್ದೂ ಪರಮೇಶ್ವರಪ್ಪ ಮೇಷ್ಟ್ರು ಸುಮ್ಮನಿದ್ದರು. ಅದಕ್ಕೆ ಮನುಷ್ಯಲೋಕದಲ್ಲಿ ಒಂದೇ ಕಾರಣ. ಹತ್ತಿರವಿದ್ದ ತಿಪ್ಪಮ್ಮನನ್ನು, ಯಾವಾಗ ಆಯ್ತು ತಾಯಿ ಎಂದು ಪಿಸುದನಿಯಲ್ಲಿ ಕೇಳಿದಳು. ತಿಪ್ಪಮ್ಮ ಕೈ ಮುಗಿದು ತಲೆ ತಗ್ಗಿಸಿದಳು. ಹನ್ನೊಂದನೇ ಪುಟ.

ಗಂಗಕ್ಕ ಸೆರಗು ಬಾಯಿಗಿಟ್ಟುಕೊಂಡು ಸ್ಟೇಷನ್ನಿಗೆ ಓಡಿದಳು. ಅಲ್ಲಿ ಹೋಟೆಲಿನ ರಂಗಯ್ಯನಿಗೆ ಸುದ್ದಿ ಕೊಟ್ಟಳು. ಗಾಡಿ ಹತ್ತಿ ಹೊಸದುರ್ಗ ರೋಡಿನಲ್ಲಿ ಇಳಿದು ಪುಟ್ಟಿ ಇಳಿಸುವ ಮುಂಚೆ ಹೊನ್ನಕ್ಕನಿಗೂ ಕೊಟ್ಟಳು.

ರಂಗಯ್ಯ ಒಲೆ ಆರಿಸಿ, ಹಾರ ಕೊಂಡು, ನಾಲ್ಕು ಜನರನ್ನು ಕರೆದುಕೊಂಡು ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಅದು ನಡೆಯುವ ಹೊತ್ತು. ಅಂಗಳದಲ್ಲಿ ಹತ್ತು ಹೆಜ್ಜೆಗೊಬ್ಬರಂತೆ ಸಾಲು ಸಾಗುತ್ತಿತ್ತು. ಎಲ್ಲರ ಮುಂದೆ, ತಲೆ ತಗ್ಗಿಸಿ, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತಾ, ಸತ್ತಿದ್ದ ಮೇಷ್ಟ್ರು.

ರಂಗಯ್ಯ ಹಾರವನ್ನು ಬೆನ್ನ ಹಿಂದೆ ಹಿಡಿದುಕೊಂಡ. ಅವನು ವ್ಯವಹಾರಸ್ಥ, ಗಲಿಬಿಲಿಗೊಳ್ಳಲಿಲ್ಲ. ಸಾವಂತೂ ಆಗಿದೆ, ನೋಡಿದರೇ ಗೊತ್ತಾಗುತ್ತೆ. ಮೇಷ್ಟ್ರದಲ್ಲ. ಹಾಗಾದರೆ ಯಾರದು? ಕಣ್ಣಾಡಿಸಿ ಲೆಕ್ಕ ಹಾಕಿದ. ಮನೆಯಲ್ಲಿ ಇರಬೇಕಾದವರು ಇಬ್ಬರು, ಕಾಣುತ್ತಿರುವವರು ಒಬ್ಬರು. ಮಗಳ ಮನೆಗೆ ಹೋದ ಹೊನ್ನಕ್ಕನ ಸುಳಿವೇ ಇಲ್ಲ. ಮೇಷ್ಟ್ರ ಹತ್ತಿರ ಹೋಗಿ ಮೆಲ್ಲಗೆ ಕೇಳಿದ:

"ನಿಜವೇನ್ರಿ ಮೇಷ್ಟ್ರೆ?"

ತಾವು ಬೆಳಗಿನಿಂದ ಮಾತಾಡಿಲ್ಲ ಎಂಬ ಸುದ್ದಿ ಆಗಲೇ ಹೋಟೆಲಿನವರೆಗೂ ಹಬ್ಬಿತೇ ಎಂದು ಮೇಷ್ಟ್ರಿಗೆ ಒಳಗೊಳಗೇ ಹಿಗ್ಗಾಯಿತು. ಕೈ ಮುಗಿದರು. ಅತ್ಯಂತ ವಿನಯದಿಂದ ತಲೆ ತಗ್ಗಿಸಿದರು.

ರಂಗಯ್ಯ ಅಲ್ಲೇ ಕುಸಿದು ಕೂತು, ಹೊನ್ನಕ್ಕ ಎಂಥ ತಾಯಿ, ಅವಳ ಕೈಯ ಚಟ್ನಿಪುಡಿ ಎಂಥದ್ದು, ಇಷ್ಟು ಬೇಗ ಕರೆಸಿಕೊಂಡನಲ್ಲ ದೇವರು ಎಂದು ಅಳತೊಡಗಿದ.

ಮೇಷ್ಟ್ರ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಹಿಂದಿನವರು, ಪುಸ್ತಕದ ಪ್ರಕಾರ, ತಾವೂ ನಿಂತರು.

ರಂಗಯ್ಯನ ಹೋಟೆಲಿರುವುದು ಸ್ಟೇಷನ್ನಿನ ಎದುರಿಗೆ. ಹೊಸದುರ್ಗ ರೋಡಿನಿಂದ ತಂತಿ ಬಂದರೆ ಮೊದಲು ತಿಳಿಯುವುದು ಅವನಿಗೆ. ರಂಗಯ್ಯ ತಮ್ಮಿಂದ ತಿಳಿದುಕೊಂಡದ್ದನ್ನು ಮೇಷ್ಟ್ರು ರಂಗಯ್ಯನಿಂದ ತಿಳಿದುಕೊಂಡರು. ಯಾವಾಗ, ಹೇಗೆ ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದು ನಿಂತವು. ಆಡಿದರೆ ಮುಗಿಯಿತು. ಇದು ಸುಳ್ಳು ಸುದ್ದಿಯಾಗಿದ್ದರೆ, ಮಾತಾಡಿದ ತಪ್ಪಿಗೆ ಅವಳು ಬರುವುದಿಲ್ಲ. ನಿಜವಾಗಿದ್ದರೆ ಹೇಗೂ ಬರುವುದಿಲ್ಲ. ಮೊದಲನೆಯದನ್ನು ನಂಬಿ ಅವರು ತುಟಿ ಕಚ್ಚಿದರು. ಕಾಲು ಕೆಳಗಿಟ್ಟರು.

ಬೇರೆ ಯಾರನ್ನು ಕೇಳಲು ಸಾಧ್ಯ? ಮಾತಾಡಲು ಅನುಮತಿ ಇದ್ದವನು ಚಿತ್ತಯ್ಯ ಒಬ್ಬನೇ. ರಂಗಯ್ಯನೂ ಹಾಗೇ ಯೋಚಿಸಿ ಅವನ ಬಳಿ ಹೋಗಿ, ಏನಾಯ್ತು ಹೇಳಪ್ಪಾ ಎಂದು ಬೇಡಿದ. ಚಿತ್ತಯ್ಯ ಗಡಿಯಾರ ನೋಡಿದ. ಹನ್ನೊಂದೂ ಇಪ್ಪತ್ತು, ಮೊದಲ ಆಲೋಚನೆಯ ಹೊತ್ತು. ಪುಸ್ತಕ ಬಿಚ್ಚಿದ.

"ಈಗ ಏನೇನು ಕೇಳುಸ್ತಾ ಐತೋ ಅದನ್ನ ಕೇಳಿರೀಈಈ! ಅದಕ್ಕೆ ಹೆಸರಿಡಬ್ಯಾಡ್ರೀಈಈ!"

ಹತ್ತು ಉಸಿರು ನಿಂತ. ರಂಗಯ್ಯ ಕಾದ. ಇನ್ನೇನೂ ಬರಲಿಲ್ಲ. ಪಟ್ಟಣದ ಕಡೆ ಈಗೀಗ ಹಿಂಗೇ ಮಾಡ್ತಾರಂತೆ ಎಂದು ತನ್ನ ಜೊತೆ ಬಂದವರಿಗೆ ಸಮಾಧಾನ ಹೇಳಿ ಕೂತುಕೊಂಡ. ಕೂತದ್ದು ತಿಪ್ಪಮ್ಮನಿಗೆ ತೀರ ಹತ್ತಿರವಾಯಿತು. ಚಿತ್ತಯ್ಯ ಬಂದು ತನ್ನ ಎರಡೂ ತೋಳು ಚಾಚಿ ಎರಡು ಸಲ ಅಳೆದು ಅವನನ್ನು ಹಿಂದಕ್ಕೆ ಸರಿಸಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಆಯಿತು. ಬಂದವರೆಲ್ಲ ಯಾರನ್ನೋ ಕೇಳಿದರು, ಕೇಳಿಸಿಕೊಂಡವರು ಕೈ ಮುಗಿದರು. ಊಟಕ್ಕೆ ಒಗ್ಗರಣೆಯಿಲ್ಲದ ಬೇಳೆ, ಬಿಳಿ ಅನ್ನ. ಹೊಟ್ಟೆ ಭಾರವಾದರೆ ನಿದ್ದೆ ಬರುತ್ತದೆಂದು ಪುಸ್ತಕದಲ್ಲಿ ಹೇಳಿತ್ತು. ಬಂದವರು ಆ ತಟ್ಟೆಗಳನ್ನು ನೋಡಿ ಇನ್ನೊಮ್ಮೆ ಅತ್ತರು. ಮೂರು ಗಂಟೆಗೆ ಅಂಗಳದಲ್ಲಿ ಜಾಗ ಸಾಲದೆ, ಎರಡೆರಡು ಮಾರಿಗೆ ಒಬ್ಬರಂತೆ ಶಿಬಿರ ರಸ್ತೆಗೆ ಇಳಿದು ಸ್ಟೇಷನ್ನಿನ ಕಡೆಗೆ ಬೆಳೆಯುತ್ತಿತ್ತು. ಚಿತ್ತಯ್ಯ ತೋಳು ಚಾಚಿಕೊಂಡೇ ಓಡಾಡುತ್ತಿದ್ದ. ಪ್ರತಿಯೊಬ್ಬರೂ ತಲೆ ತಗ್ಗಿಸಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಇಷ್ಟು ಚೆನ್ನಾಗಿ ನಡೆದ ಶಿಬಿರ ಬೆಂಗಳೂರಿನಲ್ಲೂ ಇರಲಾರದು.

ಮೇಷ್ಟ್ರು ಅದನ್ನು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಪಾಪಣ್ಣನಿಗೂ ಈಗ ಅನುಮಾನ ಹುಟ್ಟಿತ್ತು. ಬೆಳಗಿನಿಂದ ತಾನು ಕೂತದ್ದು ಶಿಬಿರದಲ್ಲೋ ಸಾವಿನಲ್ಲೋ ಅವನಿಗೆ ತಿಳಿಯದಾಗಿತ್ತು. ಎರಡಕ್ಕೂ ಆಗುವಂತೆ ಮುಖ ಇಟ್ಟುಕೊಂಡಿದ್ದ. ಚಿತ್ತಯ್ಯ ಎರಡನೇ ಆಲೋಚನೆ ಕೂಗಿದ.

"ನಿಮಗೆ ಹತ್ತಿರದೋರು ಒಬ್ಬರನ್ನ ನೆನೀರೀಈಈ!"

ನಾಲ್ಕು ಬೆರಳು ಖಾಲಿ.

"ಅವರಿಗೆ ಹೇಳದೆ ಉಳಿಸ್ಕೊಂಡ ಮಾತು ಯಾವುದೂಊಊ!"

ಇದನ್ನು ಬರೆಯುವಾಗ ಮೇಷ್ಟ್ರು ಎರಡು ದಿನ ತಿದ್ದಿದ್ದರು, ವಾಕ್ಯ ಲಯವಾಗಿ ಬರಲೆಂದು. ಈಗ ಹುಡುಕಿದರು. ಹೊನ್ನಕ್ಕನಿಗೆ ತಾವು ಹೇಳದೆ ಉಳಿಸಿದ ಮಾತು ಒಂದೂ ಸಿಗಲಿಲ್ಲ. ಹೇಳಿದ್ದೇ ನಾಲ್ಕು ನಾಲ್ಕು ಸಲ ಹೇಳಿಯಾಗಿತ್ತು. ಹಾಗಾದರೆ ಅವಳು ಹೇಳದೆ ಉಳಿಸಿದ್ದು? ಯುಗಾದಿ ಕಳೆದ ಮೂರನೇ ದಿನ ಅವಳು ಬಾಯಿ ತೆರೆದದ್ದು ನೆನಪಾಯಿತು. ಏನು ಹೇಳಹೊರಟಿದ್ದಳು? ತಾವು ಪೂರ್ತಿ ಮಾಡಿದ ವಾಕ್ಯ ನೆನಪಿತ್ತು, ಅವಳದ್ದಲ್ಲ. ಮೂವತ್ತೆರಡು ಪುಟದ ಪುಸ್ತಕಕ್ಕೆ ಅಚ್ಚಿನವನ ಕೂಡ ಜಗಳವಾಡಿ ಬಿಡಿಸಿದಷ್ಟು ಖಾಲಿ ಜಾಗವನ್ನು ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ಹೆಂಗಸಿಗೆ ಒಂದು ದಿನವೂ ಬಿಟ್ಟಿರಲಿಲ್ಲ. ಈಗ ಬಿಡೋಣವೆಂದರೆ ತುಂಬಲು ಅವಳಿಲ್ಲ.

ನಾಲ್ಕೂಕಾಲಿನವರೆಗೆ ತಡೆದರು. ಆಮೇಲೆ ಎದ್ದರು. ಅವಳು ಬರದಿದ್ದರೂ ಸರಿ, ಬದುಕಿದ್ದರೆ ಸಾಕು. ರಂಗಯ್ಯನ ಎದುರಿಗೆ ನಿಂತು ಅವನ ಹೆಗಲು ಹಿಡಿದರು. ತಿಪ್ಪಮ್ಮ ಬೇಡ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು.

"ಹೊನ್ನಿ…" ಅಂದರು ಮೇಷ್ಟ್ರು.

ಹೊರಬಂದದ್ದು ದನಿಯಲ್ಲ, ಬೆಳಗಿನಿಂದ ಒಣಗಿದ್ದ ಗಂಟಲಿನ ಗಾಳಿ. ಅದೂ ಪೂರ್ತಿ ಕೇಳಿಸುವ ಮುಂಚೆ ಸ್ಟೇಷನ್ ರಸ್ತೆಯಿಂದ ಒಂದು ಅಳು ಎದ್ದು ಬಂತು. ಗಾಡಿ ಇಳಿದ ಹೊನ್ನಕ್ಕ ಎರಡು ಕೈಯಲ್ಲೂ ಎದೆ ಬಡಿದುಕೊಳ್ಳುತ್ತಾ ಓಡಿ ಬರುತ್ತಿದ್ದಳು. ರಸ್ತೆಯುದ್ದಕ್ಕೂ ಅವಳಿಗಾಗಿ ಅಳುತ್ತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಸತ್ತವಳು ಬದುಕಿ ಬಂದದ್ದನ್ನು ಕಂಡ ರಂಗಯ್ಯ ಕೈಯಲ್ಲಿದ್ದ ಹಾರವನ್ನು ಮೇಕೆಯ ಕೊರಳಿಗೆ ಹಾಕಿದ. ಯಾಕೆ ಹಾಗೆ ಮಾಡಿದೆನೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ನನ್ನ ಬಿಟ್ಟು ಹೋದ್ರಲ್ಲೋ ನನ್ನಪ್ಪಾ," ಎಂದು ರಾಗ ಎಳೆಯುತ್ತಾ ಹೊನ್ನಕ್ಕ ಗೇಟು ದಾಟಿದಳು. "ಇನ್ನು ಯಾರು ನನ್ನ ತಲೆ ತಿಂತಾರೋ, ಉಪ್ಪಿನ ಕತೆ ಯಾರು ಹೇಳ್ತಾರೋ…"

ರಾಗ ಅಲ್ಲಿಗೆ ನಿಂತಿತು. ಎದುರಿಗೆ ಗಂಡ ನಿಂತಿದ್ದರು. ಕಣ್ಣಲ್ಲಿ ನೀರು, ಬಾಯಿ ಅರ್ಧ ತೆರೆದಿದೆ.

ಹೊನ್ನಕ್ಕ ಅವರ ಮುಖ ಮುಟ್ಟಿ ನೋಡಿದಳು, ಕೈ ಚಿವುಟಿ ನೋಡಿದಳು.

"ಬದುಕಿದ್ದೀರೋ ಇಲ್ವೋ? ಬಾಯಿ ಬಿಡ್ರಿ."

ಮೇಷ್ಟ್ರು ಬಾಯಿ ಮುಚ್ಚಿದರು. ಕೈ ಮುಗಿದು ತಲೆ ತಗ್ಗಿಸಿದರು.

ಹೊನ್ನಕ್ಕ ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಶುರುವಾಯಿತು. ಗಂಗಕ್ಕ ಬಂದಾಗ ಹಾಕಿದ್ದ ರೊಟ್ಟಿ ಹೆಂಚಿನ ಮೇಲೇ ಸೀದದ್ದು, ಗಾಡಿ ತಡವಾಗಿ ಪ್ಲಾಟ್‌ಫಾರಂನಲ್ಲಿ ಮೂರು ಗಂಟೆ ಅತ್ತದ್ದು, ಅತ್ತೂ ಅತ್ತೂ ಹಸಿವಾಗಿ ಅಪರಿಚಿತಳೊಬ್ಬಳು ಕೊಟ್ಟ ಕಡಲೇಕಾಯಿ ತಿಂದದ್ದು, ತಿಂದದ್ದಕ್ಕೆ ನಾಚಿಕೆಪಟ್ಟು ಮತ್ತೆ ಅತ್ತದ್ದು. ಅಲ್ಲಿಂದ ಹಿಂದಕ್ಕೆ ಹೋಗಿ, ಯುಗಾದಿಯ ಮೂರನೇ ದಿನ ತಾನು ಹೇಳಹೊರಟದ್ದು ಕಾಲುನೋವಿನ ಮಾತೆಂದೂ, ಮೇಷ್ಟ್ರು ಅದನ್ನು ಕಾಲುವೆಯ ಮಾತು ಮಾಡಿ ವಾಣಿವಿಲಾಸ ಸಾಗರದವರೆಗೆ ಎಳೆದರೆಂದೂ ಹೇಳಿದಳು. ಅಲ್ಲಿಂದಲೂ ಹಿಂದಕ್ಕೆ, ಮದುವೆಯ ವರ್ಷಕ್ಕೆ. ಮೇಷ್ಟ್ರು ಎರಡು ಮಾರು ದೂರದಲ್ಲಿ ಕೂತು ಕೇಳಿದರು. ಹೆಸರಿಡಲಿಲ್ಲ.

ನಡುವೆ ಒಮ್ಮೆ ಅವಳಿಗೇ ವಿಚಿತ್ರವೆನಿಸಿ ತಿಪ್ಪಮ್ಮನ ಕಡೆ ತಿರುಗಿದಳು.

"ಬೆಳಗ್ಗಿಂದ ಒಂದು ಮಾತೂ ಆಡಿಲ್ವೇನೇ ತಿಪ್ಪಿ ಇವ್ರು? ಒಂದೇ ಒಂದು?"

ರಂಗಯ್ಯನಿಗೆ ಎರಡೇ ಮಾರು ದೂರ ಕೂತಿದ್ದ ತಿಪ್ಪಮ್ಮನಿಗೆ ಆ ಗಾಳಿಯಂಥ ಎರಡಕ್ಷರ ಕೇಳಿಸಿತ್ತು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಐದು ಗಂಟೆಗೆ ಇನ್ನೂ ಹನ್ನೆರಡು ನಿಮಿಷವಿತ್ತು. ಅವಳು ಕೈ ಮುಗಿದು ತಲೆ ತಗ್ಗಿಸಿದಳು.

ಐದಕ್ಕೆ ಚಿತ್ತಯ್ಯ ಕಂಬಿ ಬಾರಿಸಿದ. ಮೌನ ಮುಗಿಯಿತು. ಇಡೀ ರಾಮಗಿರಿ ಉಸಿರು ಹಿಡಿದು ಮೇಷ್ಟ್ರ ಬಾಯಿ ನೋಡಿತು. ಎಂಟು ಗಂಟೆಯ ಮಾತು ಕಟ್ಟೆ ಕಟ್ಟಿ ನಿಂತಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

"ಇರ್ರಿ," ಅಂದಳು ಹೊನ್ನಕ್ಕ. "ನಂದಿನ್ನೂ ಮುಗಿದಿಲ್ಲ."

ಮೇಷ್ಟ್ರು ತೆರೆದ ಬಾಯಿಯನ್ನು ಮುಚ್ಚಿದರು. ಅದನ್ನು ಯಾವ ಪುಟದಲ್ಲೂ ಬರೆದಿರಲಿಲ್ಲ. ಊರಿನ ಜನ ಸದ್ದಾಗದಂತೆ ಎದ್ದು ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಜಾರಿಕೊಂಡರು. ಚಿತ್ತಯ್ಯ ಮಾತ್ರ ಮರದ ಕೆಳಗೆ ನಿಂತೇ ಇದ್ದ. ಕಂಬಿ ಬಾರಿಸಿದ ಮೇಲೂ ಮೇಷ್ಟ್ರು ಬಾಯಿ ಬಿಡದಿದ್ದರೆ, ಗಾಡಿ ಹೋದ ಮೇಲೂ ಸಿಗ್ನಲ್ ಮೇಲೇಳದಿದ್ದರೆ, ಏನು ಮಾಡಬೇಕೆಂದು ಪುಸ್ತಕದ ಕೊನೆಯ ಪುಟ ತಿರುವಿ ನೋಡಿದ. ಅಲ್ಲಿ ನಾಲ್ಕು ಬೆರಳು ಖಾಲಿಯಿತ್ತು.